ಕಾರ್ಮಿನ್ ಬಾಯಿಯ ಎರಡು ವರದಿಗಳು

ಫಳ್ನೀರಿನ ಕಾರ್ಮಿನ್ ಬಾಯಿಗೆ ಕನ್ನಡದ ಹುಚ್ಚು. ಮನೆಮಾತು ಕೊಂಕಣಿ, ಪ್ರಾರ್ಥನೆಯೂ ಕೊಂಕಣಿ, ಕಾಲೇಜು ಓದಿದ್ದು ಇಂಗ್ಲಿಷಿನಲ್ಲಿ. ಆದರೂ ಹೈಸ್ಕೂಲಿನಲ್ಲಿ ಕನ್ನಡ ಪ್ರಬಂಧಕ್ಕೆ ಮೂರು ವರ್ಷ ಬಹುಮಾನ ಹೊಡೆದ ಮೇಲೆ ಅವಳ ಬರವಣಿಗೆಗೆ ಒಂದು ಗತ್ತು ಬಂದಿತ್ತು. ಹಾಲಿನವನಿಗೆ ಚೀಟಿ ಬರೆದರೂ ‘ನಾಳೆಯ ಪ್ರಾತಃಕಾಲ ಕ್ಷೀರವು ಅನವಶ್ಯಕ’ ಎಂದು ಬರೆಯುವಳು. ಹಾಲಿನವನು ಅದನ್ನು ಹಿಡಿದು ಮೂರು ಮನೆ ತಿರುಗಿ, ಕೊನೆಗೆ ಎಂದಿನಂತೆ ಹಾಲು ಹಾಕಿ ಹೋಗುವನು. ‘ನಿನ್ನ ಕನ್ನಡದಿಂದ ನಮಗೆ ದಿನವೂ ಪಾಯಸ’ ಎಂದು ತಾಯಿ ಎಸ್ತೆರ್ ಬಾಯಿ ಗೊಣಗುವುದು ವಾಡಿಕೆಯಾಗಿತ್ತು.

ಬೊಂಬಾಯಿಯಲ್ಲಿ ಸಮಾಜಸೇವೆಯ ತರಬೇತಿ ಮುಗಿಸಿ ಬಂದವಳು ಊರಿನ ಒಂದು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಸೇರಿದ್ದಳು. ಅಲ್ಲಿಗೆ ಅರುವತ್ತನಾಲ್ಕನೇ ಇಸವಿಯಲ್ಲಿ ಡಾಕ್ಟರ್ ಎಡ್ವಿನ್ ಲಂಡನ್ನಿನಿಂದ ಬಂದರು. ಮನಸ್ಸಿನ ಕಾಯಿಲೆಗಳ ಡಾಕ್ಟರು, ಮೂಲ ಇದೇ ಊರು, ಬೆಳೆದದ್ದು ಆಫ್ರಿಕದಲ್ಲಿ. ಕೊಂಕಣಿ ಬರುತ್ತಿತ್ತು, ತುಳು ಅರ್ಥವಾಗುತ್ತಿತ್ತು, ಕನ್ನಡದ ಅಕ್ಷರ ಮಾತ್ರ ಅವರಿಗೆ ಜಿಲೇಬಿಯಂತೆ ಕಾಣುತ್ತಿತ್ತು. ಮಾತು ಬಾರದ, ಯಾರ ಜೊತೆಗೂ ಬೆರೆಯದ ಮಕ್ಕಳನ್ನು ಪರೀಕ್ಷಿಸುವಾಗ ತಾಯಂದಿರನ್ನು ಕೇಳಬೇಕಾದ ಪ್ರಶ್ನೆಗಳ ನಮೂನೆಯೊಂದನ್ನು ಅವರು ಪೆಟ್ಟಿಗೆಯಲ್ಲಿ ತಂದಿದ್ದರು. ಹನ್ನೊಂದು ಪುಟ, ಎಲ್ಲ ಇಂಗ್ಲಿಷು.

“ಇದನ್ನು ಕನ್ನಡ ಮಾಡಿ, ಮಿಸ್. ಆಟಿಸಂ ಉಂಟಾ ಇಲ್ವಾ ಎಂತ ಹೇಳ್ಲಿಕ್ಕೆ ರಕ್ತಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ಮಗು ಬೆಳೆದು ಬಂದ ಕತೆಯೇ ನಮಗೆ ಪರೀಕ್ಷೆ” ಎಂದರು ಡಾಕ್ಟರು.

ಕಾರ್ಮಿನ್ ಉತ್ಸಾಹದಿಂದ ಕೂತಳು. ‘ಮಗು ಹಿಮದಲ್ಲಿ ಆಡುತ್ತದೆಯೇ’ ಎಂಬ ಪ್ರಶ್ನೆಯನ್ನು ಹೊಡೆದು ಹಾಕಿ ‘ಮರಳಿನಲ್ಲಿ’ ಎಂದಳು. ‘ಚಮಚ, ಮುಳ್ಳುಚಮಚ’ಗಳ ಜಾಗಕ್ಕೆ ‘ಗಂಜಿ ತಾನೇ ಉಣ್ಣುತ್ತದೆಯೇ’ ಬಂತು. ಬಸಿರು, ಹೆರಿಗೆ, ಹುಟ್ಟಿದ ಕೂಡಲೇ ಅತ್ತಿತೇ, ಕಾಮಾಲೆ, ಫಿಟ್ಸು, ಎತ್ತಿಕೊಳ್ಳಲು ಹೋದರೆ ಕೈಚಾಚುತ್ತಿತ್ತೇ, ಕೂತದ್ದು, ನಡೆದದ್ದು, ಮೊದಲ ಮಾತು, ಬಂದ ಮಾತು ಮತ್ತೆ ಹೋಯಿತೇ, ಕಿವಿ ಹೇಗೆ, ಬೆರಳು ತೋರಿಸಿ ‘ಅಗೋ’ ಎಂದು ಹಂಚಿಕೊಳ್ಳುವುದುಂಟೇ, ಆಟ ಎಂಥದು, ದಿನಚರಿ ತಪ್ಪಿದರೆ ಏನಾಗುತ್ತದೆ? ಇದೆಲ್ಲ ಸರಿಯಾಗಿಯೇ ಕನ್ನಡಕ್ಕೆ ಇಳಿಯಿತು. ಪ್ರತಿ ಉತ್ತರದ ಪಕ್ಕದಲ್ಲಿ ‘ಹೇಳಿದವರು ಯಾರು’, ‘ಒಂದು ಉದಾಹರಣೆ’, ‘ಯಾವ ಪ್ರಾಯದಿಂದ’ ಎಂಬ ಮೂರು ಖಾಲಿ ಕಾಲಮುಗಳೂ ಇದ್ದವು.

ಒಂದೇ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು. ತಾಯಿ ತಣ್ಣಗಿನ ಸ್ವಭಾವದವಳೇ, ಅಂದರೆ ಮಗುವಿಗೆ ಮಮತೆ ತೋರಿಸದವಳೇ? ಆ ಕಾಲದ ಎಷ್ಟೋ ಡಾಕ್ಟರುಗಳು ಇದಕ್ಕೆಲ್ಲ ತಾಯಿಯೇ ಕಾರಣ ಎಂದು ನಂಬಿದ್ದರು. ಅದನ್ನೂ ಅವಳು ಇದ್ದ ಹಾಗೇ ಇಳಿಸಿದಳು.

ಮೊದಲು ಬಂದ ತಾಯಿ ಕದ್ರಿಯ ಮುಕ್ತಾ. ಗಂಡ ಚಕ್ರಪಾಣಿ ಭಟ್ಟರು ದೇವಸ್ಥಾನದಲ್ಲಿ ಅರ್ಚಕರು. ಮಗ ಹರಿದಾಸನಿಗೆ ಆರೂವರೆ ವರ್ಷ. ಅವರೊಂದಿಗೆ ಅಜ್ಜಿ, ಇಬ್ಬರು ಅತ್ತೆಯಂದಿರು, ಒಬ್ಬ ಚಿಕ್ಕಪ್ಪ, ಪಕ್ಕದ ಮನೆಯವರೊಬ್ಬರು. ಒಂದು ಬೆಂಚು ಸಾಲದೆ ಇನ್ನೊಂದು ತರಿಸಬೇಕಾಯಿತು.

ನಮೂನೆಯ ಪ್ರಕಾರ ಕಾರ್ಮಿನ್ ತಾಯಿಯಿಂದಲೇ ಶುರುಮಾಡಿದಳು. “ನೀವು ತಣ್ಣಗಿನವರಾ?”

ಮುಕ್ತಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಈ ಸೆಕೆಯಲ್ಲಿ ಯಾರು ಬಾಯಮ್ಮ ತಣ್ಣಗಿರ್ತಾರೆ?”

ಪಕ್ಕದಲ್ಲಿ ಕೂತಿದ್ದ ಡಾಕ್ಟರು, ಮಗನ ಮೂಗಿನ ತುದಿಯ ಬೆವರನ್ನು ಆಕೆ ಮಾತಿನ ನಡುವೆಯೇ ಒರೆಸಿದ್ದನ್ನು ನೋಡಿದರು. “ಪುಸ್ತಕದಲ್ಲಿ ಉಂಟು, ಹೌದು. ನನಗೆ ನಂಬಿಕೆ ಬರುವುದಿಲ್ಲ. ಅದನ್ನು ಹೊಡೆದು ಹಾಕಿ, ಮಿಸ್.”

ಮುಂದಿನ ಪ್ರಶ್ನೆ. ಹೆಸರು ಕರೆದರೆ ತಿರುಗುತ್ತಾನೆಯೇ?

“ಇಲ್ಲ” ಎಂದು ಎಲ್ಲರೂ ಒಕ್ಕೊರಲಲ್ಲಿ ಹೇಳಿದರು. ಕಾರ್ಮಿನ್ ಬರೆದುಕೊಳ್ಳುವುದರಲ್ಲಿದ್ದಳು, ಅಷ್ಟರಲ್ಲಿ ಅಜ್ಜಿ “ಅಣ್ಣು, ಇಲ್ಲಿ ಬಾ” ಎಂದರು. ಚಿಕ್ಕಪ್ಪ “ಮಾಣೀ” ಎಂದ. ಒಬ್ಬ ಅತ್ತೆಗೆ ಅವನು ಪುಟ್ಟ, ಇನ್ನೊಬ್ಬಳಿಗೆ ದಾಸು. ಹರಿದಾಸ ಎಂಬ ಹೆಸರಿನಿಂದ ಆ ಮಗುವನ್ನು ನಾಮಕರಣದ ಪುರೋಹಿತರು ಬಿಟ್ಟರೆ ಮತ್ತೆ ಯಾರೂ ಕರೆದಿರಲಿಲ್ಲ.

ಕಾರ್ಮಿನ್ ಪೆನ್ನು ಕೆಳಗಿಟ್ಟಳು. ಮನೆಯವರೆಲ್ಲ ಎರಡು ವಾರ ‘ಅಣ್ಣು’ ಎಂದು ಮಾತ್ರ ಕರೆಯಬೇಕೆಂದು ಹೇಳಿ ಕಳಿಸಿದಳು. ಎರಡು ವಾರ ಕಳೆದ ಮೇಲೆ ಹಿಂದಿನಿಂದ ಕರೆದು ನೋಡಿದರೂ ಹುಡುಗ ತಿರುಗಲಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ನರ್ಸು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಎದ್ದು ಹೊರಟ. ಕಿವಿಯ ಡಾಕ್ಟರೂ ಪರೀಕ್ಷಿಸಿ, ಕೇಳಿಸುವುದರಲ್ಲಿ ದೋಷವಿಲ್ಲ ಎಂದರು.

“ಮುಖ ನೋಡಿ ಮಾತಾಡ್ತಾನಾ?”

“ದೊಡ್ಡವರ ಮುಖ ನೋಡಿ ಮಾತಾಡಬಾರ್ದು ಎಂತ ನಾನೇ ಕಲಿಸಿದ್ದು” ಎಂದರು ಅಜ್ಜಿ, ಹೆಮ್ಮೆಯಿಂದ.

“ನೀವು ಕಲಿಸುವ ಮೊದಲು ನೋಡ್ತಿದ್ದನಾ, ಅಜ್ಜಿ? ಎಣ್ಣೆ ಹಚ್ಚಿ ಮೀಯಿಸುವಾಗ?”

“ಇಲ್ಲ” ಎಂದರು ಅಜ್ಜಿ. “ಸೂರಿಗೆ ನೋಡ್ತಿದ್ದ.”

ತಾರೀಕುಗಳನ್ನು ಯಾರೂ ಇಟ್ಟಿರಲಿಲ್ಲ. ಅಷ್ಟಮಿಗೆ ನಡೆಯುತ್ತಿದ್ದನೇ, ದೀಪಾವಳಿಗೆ ಮಾತಾಡುತ್ತಿದ್ದನೇ ಎಂದು ಕೇಳುತ್ತ ಹೋದಾಗ ಕತೆ ಬಿಚ್ಚಿಕೊಂಡಿತು. ಒಂದೂವರೆ ವರ್ಷಕ್ಕೆ ‘ಅಮ್ಮ’, ಕಾಗೆ ಕಂಡರೆ ‘ಕಕ್ಕೆ’ ಎನ್ನುತ್ತಿದ್ದವನು ಚಿಕ್ಕಪ್ಪನ ಮದುವೆಯ ಹೊತ್ತಿಗೆ ಎರಡನ್ನೂ ನಿಲ್ಲಿಸಿದ್ದ. ನಾಲ್ಕನೆಯ ವರ್ಷದಲ್ಲಿ ಮಾತು ಮತ್ತೆ ಬಂತು, ಬೇರೆಯೇ ರೀತಿಯಲ್ಲಿ.

“ಈಗ ಮಾತಾಡ್ತಾನೆ ಬಾಯಮ್ಮ, ಚೆನ್ನಾಗಿ ಮಾತಾಡ್ತಾನೆ” ಎಂದರು ಅಜ್ಜಿ. “ಅವನಷ್ಟು ಅತಿಥಿ ಸತ್ಕಾರ ಈ ಪ್ರಾಯದಲ್ಲಿ ಯಾರಿಗುಂಟು? ಮನೆಗೆ ಯಾರು ಬಂದ್ರೂ ಅವರ ಹತ್ರ ಹೋಗಿ ‘ನಿಕ್ಕ್ ನೀರ್ ಬೋಡಾ?’ ಎಂತ ಕೇಳ್ತಾನೆ. ನಿನಗೆ ನೀರು ಬೇಕಾ ಎಂತ!”

“ಅವರು ಬೇಕು ಎಂದ್ರೆ?”

“ನಾವು ತಂದುಕೊಡ್ತೇವೆ. ಕುಡೀತಾರೆ.”

“ಆಗ ಹರಿದಾಸ ಎಂತ ಮಾಡ್ತಾನೆ?”

“ಅಳ್ತಾನೆ” ಎಂದಳು ಮುಕ್ತಾ ಮೆಲ್ಲಗೆ. “ನೆಲಕ್ಕೆ ತಲೆ ಹೊಡ್ಕೊಂಡು ಅಳ್ತಾನೆ. ಎಂತಕ್ಕೆ ಎಂತ ಇಷ್ಟರವರೆಗೆ ಗೊತ್ತಾಗಲಿಲ್ಲ.”

ಕಾರ್ಮಿನ್ ಲೋಟದಲ್ಲಿ ನೀರು ತುಂಬಿಸಿ ಹುಡುಗನ ಕೈಗೆ ಕೊಟ್ಟಳು. ಅವನು ಗಟಗಟನೆ ಕುಡಿದ. ಮನೆಯಲ್ಲಿ ಅವನಿಗೆ ನೀರು ಕೊಡುವಾಗ ಎಲ್ಲರೂ ಹೇಳುತ್ತಿದ್ದ ಮಾತು ‘ನಿನಗೆ ನೀರು ಬೇಕಾ’. ಆ ಮಾತನ್ನೇ ಹುಡುಗ ಇಡಿಯಾಗಿ ಎತ್ತಿಕೊಂಡಿದ್ದ. ನಾನು ಯಾರು, ನೀನು ಯಾರು ಎಂಬುದು ಅದರಲ್ಲಿ ತಿರುಗುಮುರುಗಾಗಿತ್ತು. ಎರಡೂವರೆ ವರ್ಷದಿಂದ ಆ ಮನೆಯ ನೆಂಟರೆಲ್ಲ ಬಾಯಾರಿದ ಮಗುವಿನ ಎದುರಿಗೆ ಕೂತು ಸಂತೋಷದಿಂದ ನೀರು ಕುಡಿದಿದ್ದರು.

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಪಕ್ಕದ ಮನೆಯವರು, ತಾವು ನೀರಿನ ಜೊತೆ ಕೊಟ್ಟ ಬೆಲ್ಲವನ್ನೂ ತಿಂದದ್ದುಂಟು ಎಂದು ಒಪ್ಪಿಕೊಂಡರು.

ಮೂರು ಭೇಟಿಗಳಾದ ಮೇಲೆ ಡಾಕ್ಟರು ಇದು ಆಟಿಸಂ ಎಂಬ ತೀರ್ಮಾನಕ್ಕೆ ಬಂದರು. ಹುಡುಗನನ್ನು ಕದ್ರಿಯ ಹತ್ತಿರದ ಒಂದು ಅನುದಾನಿತ ಶಾಲೆಗೆ ಸೇರಿಸಬಹುದು, ಶಾಲೆಗೊಂದು ವರದಿ ಬರೆಯಿರಿ ಎಂದರು. ಕನ್ನಡ ಶಾಲೆ, ವರದಿಯೂ ಕನ್ನಡದಲ್ಲಿ. ಕಾರ್ಮಿನ್ ಬಾಯಿ ಇಂಥ ಒಂದು ಅವಕಾಶಕ್ಕಾಗಿಯೇ ಬದುಕಿದ್ದವಳಂತೆ ಬೆರಳು ಮಡಚಿ ಬಿಚ್ಚಿ ಕೂತಳು.

ಆಟಿಸಂ ಎಂಬುದಕ್ಕೆ ಕನ್ನಡ ಶಬ್ದ ಯಾವ ನಿಘಂಟಿನಲ್ಲೂ ಇರಲಿಲ್ಲ. ಮೂಲದಲ್ಲಿ ‘ತನ್ನೊಳಗೇ ಇರುವುದು’ ಎಂದರ್ಥ. ಒಂದು ದಿನವೆಲ್ಲ ಯೋಚಿಸಿ ಅವಳು ‘ಆತ್ಮಲೀನ’ ಎಂದು ಬರೆದಳು. ಬರೆದು ದೂರ ಹಿಡಿದು ನೋಡಿದಳು. ಬಹಳ ಚೆಂದ ಕಂಡಿತು. ಉಳಿದದ್ದು ಅದಕ್ಕೆ ತಕ್ಕಂತೆ ಹರಿಯಿತು.

‘ಈ ಬಾಲಕನು ಶೈಶವದಿಂದಲೇ ಆತ್ಮಲೀನನು. ಜನಸಂಗದಲ್ಲಿ ನಿರಾಸಕ್ತನು. ನಾಮಧೇಯದಿಂದ ಕರೆದರೂ ಓಗೊಡನು. ಅನ್ಯರ ಮುಖವನ್ನು ವೀಕ್ಷಿಸನು. ಒಂದೇ ನುಡಿಯನ್ನು ಪುನಃ ಪುನಃ ಉಚ್ಚರಿಸುವನು. ‘ನಾನು’ ಎಂಬ ಭಾವ ಇವನಲ್ಲಿ ಇನ್ನೂ ಉದಯಿಸಿಲ್ಲ.’

ನಮೂನೆಯಲ್ಲಿದ್ದುದನ್ನು ಏನೂ ಬಿಡಬಾರದೆಂದು ಮುಕ್ತಾಳಿಗೆ ಮೊದಲು ಎರಡು ಬಸಿರು ನಿಲ್ಲದೆ ಹೋದದ್ದು, ಚಕ್ರಪಾಣಿ ಭಟ್ಟರ ಉಬ್ಬಸ, ಅತ್ತೆ-ಸೊಸೆಯರ ಮನಸ್ತಾಪ ಎಲ್ಲವನ್ನೂ ಸೇರಿಸಿದಳು. ಏಳು ಪುಟವಾಯಿತು. ಡಾಕ್ಟರು ಜಿಲೇಬಿಗಳನ್ನು ಮೆಚ್ಚುಗೆಯಿಂದ ನೋಡಿ ಸಹಿ ಹಾಕಿದರು.

ಶಾಲೆಯ ಹೆಡ್‌ಮಾಸ್ತರು ಮೋಹನದಾಸರಾಯರು ನಿಷ್ಠಾವಂತ ದೈವಭಕ್ತರು. ಜೀವಮಾನದಲ್ಲಿ ಒಬ್ಬ ಸಿದ್ಧಪುರುಷನ ದರ್ಶನವಾಗಬೇಕೆಂದು ಎಷ್ಟೋ ಮಠ ಸುತ್ತಿದವರು. ಆಸ್ಪತ್ರೆಯ ಮೊಹರು ಬಿದ್ದ, ಲಂಡನ್ನಿನಲ್ಲಿ ಓದಿದ ಡಾಕ್ಟರು ಸಹಿ ಮಾಡಿದ ಆ ಕಾಗದವನ್ನು ಅವರು ಒಮ್ಮೆ ಓದಿದರು. ‘ನಾನು ಎಂಬ ಭಾವ ಇವನಲ್ಲಿ ಇನ್ನೂ ಉದಯಿಸಿಲ್ಲ’ ಎಂಬಲ್ಲಿಗೆ ಬಂದಾಗ ಎದ್ದು ನಿಂತರು. ಎರಡನೆಯ ಸಲ ಚಪ್ಪಲಿ ಬಿಚ್ಚಿ ಓದಿದರು.

ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ಮುಕ್ತಾ ಒಬ್ಬಳೇ ಆಸ್ಪತ್ರೆಗೆ ಬಂದಳು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

“ಇದು ನಿಮಗೆ ಬಾಯಮ್ಮ. ಮನೆಯಲ್ಲಿ ಇಡ್ಲಿಕ್ಕೆ ಜಾಗ ಇಲ್ಲ. ಶಾಲೆಯಲ್ಲಿ ಅವನಿಗೆ ದಿನಾ ಹಣ್ಣುಕಾಯಿ ಇಡ್ತಾರೆ.”

“ಯಾರಿಗೆ?”

“ಅಣ್ಣುವಿಗೆ. ಹೆಡ್‌ಮಾಷ್ಟ್ರ ಮೇಜಿನ ಹತ್ರ ಮಣೆ ಹಾಕಿ ಕೂರಿಸಿದ್ದಾರೆ. ಒಂದಕ್ಷರ ಕಲಿಸಲಿಲ್ಲ. ಇವರಿಗೆ ಸಿಟ್ಟು ಬಂದು ಹೋಗಿ ಹೇಳಿದ್ರು, ‘ಮಾಷ್ಟ್ರೇ, ನಾವು ಪೂಜೆ ಮಾಡುವವರು, ಮಾಡಿಸಿಕೊಳ್ಳುವವರಲ್ಲ’ ಎಂತ. ಅದಕ್ಕೆ ಹೆಡ್‌ಮಾಷ್ಟ್ರು, ತಂದೆ ಬಂದ್ರೂ ಮಗು ತಲೆ ಎತ್ತಿ ನೋಡಲಿಲ್ಲ, ವೈರಾಗ್ಯ ಅಂದ್ರೆ ಇದು ಎಂತ ಹೇಳಿದ್ರಂತೆ.”

ಕಾರ್ಮಿನ್‌ಗೆ ನಗು ಬಂದೇಬಿಟ್ಟಿತು. ಆದರೆ ಮುಕ್ತಾಳ ಮಾತು ಮುಗಿದಿರಲಿಲ್ಲ.

“ಮತ್ತೆ ಆ ವರದಿಯನ್ನು ನೋಟೀಸು ಬೋರ್ಡಿಗೆ ಹಾಕಿದ್ದಾರೆ. ಎಲ್ಲ ಪುಟವೂ. ‘ಮೊದಲು ಎರಡು ಹೋಯಿತಂತೆ ಅಲ್ವಾ ಅಮ್ಮ’ ಎಂತ ಪ್ಯೂನ್ ಕೇಳಿದ. ನಾನು ನಿಮ್ಮ ಹತ್ರ ಮಾತ್ರ ಹೇಳಿದ್ದು.”

ನಗು ಅರ್ಧದಲ್ಲೇ ಸತ್ತಿತು. ಅವಳಿಗೆ ತಲೆ ಎತ್ತಿ ಆ ಹೆಂಗಸಿನ ಮುಖ ನೋಡಲಾಗಲಿಲ್ಲ. ಚೀಲ ತೆಗೆದುಕೊಂಡು ಮುಕ್ತಾಳ ಜೊತೆಯಲ್ಲೇ ಕದ್ರಿಗೆ ಹೊರಟಳು.

ಶಾಲೆಯ ಜಗಲಿಯಲ್ಲಿ ಸಾಲು ಇತ್ತು. ಅರ್ಧವಾರ್ಷಿಕ ಪರೀಕ್ಷೆಗೆ ಇನ್ನೂ ದಿನವಿದ್ದರೂ ಏಳನೆಯ ತರಗತಿಯವರೆಲ್ಲ ಕೈಮುಗಿದು ನಿಂತಿದ್ದರು. ಕಾಲು ಮುಟ್ಟಿದರೆ ಹುಡುಗ ಚೀರುತ್ತಾನೆಂದು ‘ದೂರದಿಂದಲೇ ನಮಸ್ಕರಿಸತಕ್ಕದ್ದು’ ಎಂದು ಹೆಡ್‌ಮಾಸ್ತರರ ಹಸ್ತಾಕ್ಷರದ ಬೋರ್ಡು. ಒಳಗೆ ಮಣೆಯ ಮೇಲೆ ಹರಿದಾಸ ಕೂತಿದ್ದ. ಎದುರಿಗೆ ಶಾಲೆಯ ಭೂಗೋಳ. ಅದನ್ನು ಒಂದು ಬೆರಳಿನಿಂದ ಗರಗರ ತಿರುಗಿಸುತ್ತ, ಕಣ್ಣನ್ನು ಅದರ ಪಕ್ಕಕ್ಕೆ ತಂದು ನೋಡುತ್ತ, ಬಹಳ ಸುಖವಾಗಿದ್ದ.

“ನೋಡಿ” ಎಂದರು ಮೋಹನದಾಸರಾಯರು ಪಿಸುದನಿಯಲ್ಲಿ. “ಲೋಕವನ್ನೇ ಬೆರಳ ತುದಿಯಲ್ಲಿ ಆಡಿಸ್ತಾನೆ.”

“ಮಾಷ್ಟ್ರೇ, ತಿರುಗುವ ವಸ್ತು ಯಾವುದು ಕೊಟ್ರೂ ಹಾಗೇ ಮಾಡ್ತಾನೆ. ಮನೆಯಲ್ಲಿ ಪಾತ್ರೆಯ ಮುಚ್ಚಳ.”

“ಅಂಥವರಿಗೆ ಮುಚ್ಚಳವೂ ಭೂಗೋಳವೂ ಒಂದೇ ಅಲ್ವಾ, ಬಾಯಿ!”

ಸಾಲಿನ ಮೊದಲ ಹುಡುಗ ಬಾಗಿ ಕೇಳಿದ, “ನಾನು ಫೇಲಾ, ಪಾಸಾ?”

“ಪಾಸಾ” ಎಂದ ಹರಿದಾಸ, ಭೂಗೋಳದಿಂದ ಕಣ್ಣು ತೆಗೆಯದೆ. ಹುಡುಗ ಕುಣಿಯುತ್ತ ಹೋದ. ಎರಡನೆಯವನೂ ಅದೇ ಕೇಳಿದ, ಅದೇ ಉತ್ತರ. ಕಾರ್ಮಿನ್ ಗಮನಿಸಿದಳು. ಮಕ್ಕಳೆಲ್ಲ ‘ಪಾಸಾ’ ಎಂಬುದನ್ನು ಕೊನೆಗೇ ಇಡುತ್ತಿದ್ದರು. ಹುಡುಗ ಕಿವಿಗೆ ಕೊನೆಗೆ ಬಿದ್ದ ಶಬ್ದವನ್ನು ಹಿಂತಿರುಗಿಸುತ್ತಾನೆಂಬ ಸಂಗತಿ ಇಡೀ ಶಾಲೆಯಲ್ಲಿ ಮಕ್ಕಳಿಗೆ ಗೊತ್ತಿತ್ತು, ಮಾಸ್ತರುಗಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಶಾಲಾ ಇನ್‌ಸ್ಪೆಕ್ಟರು ಬಂದರು. ತಪಾಸಣೆಗೆಂದು ಬಂದವರಲ್ಲ. ಟೊಪ್ಪಿ ತೆಗೆದು, ಮಣೆಯ ಮುಂದೆ ಮಂಡಿಯೂರಿ, “ನನಗೆ ವರ್ಗ ಆಗುವುದು ಉಡುಪಿಗಾ, ಮಡಿಕೇರಿಗಾ?” ಎಂದು ಕೇಳಿದರು.

“ಮಡಿಕೇರಿಗಾ” ಎಂದ ಹರಿದಾಸ.

ಇನ್‌ಸ್ಪೆಕ್ಟರ ಮುಖ ಬಾಡಿತು. ಉಡುಪಿಯಲ್ಲಿ ಅವರ ಮಾವನ ಮನೆಯಿತ್ತು.

ಕಾರ್ಮಿನ್ ನೋಟೀಸು ಬೋರ್ಡಿನಿಂದ ಏಳು ಪುಟಗಳನ್ನೂ ಕಿತ್ತು ಚೀಲಕ್ಕೆ ಹಾಕಿದಳು. ಹೆಡ್‌ಮಾಸ್ತರರು ಗಾಬರಿಯಾದರು.

“ಎಂತ ಬಾಯಿ ಇದು? ಆತ್ಮಲೀನ ಎಂತ ನೀವೇ ಬರೆದದ್ದಲ್ವಾ?”

“ಹೌದು, ನಾನೇ ಬರೆದದ್ದು. ನೀವು ಓದಿದ್ದು ಸರಿಯೇ ಉಂಟು, ಮಾಷ್ಟ್ರೇ. ಬರೆದದ್ದೇ ಸರಿ ಇಲ್ಲ. ಎರಡು ವಾರ ಕೊಡಿ.”

ಆ ಎರಡು ವಾರದಲ್ಲಿ ಅವಳು ನಾಲ್ಕು ಸಲ ಶಾಲೆಗೆ ಹೋಗಿ, ರಾಯರನ್ನು ಒಪ್ಪಿಸಿ ಹರಿದಾಸನನ್ನು ಮಣೆಯಿಂದ ಎಬ್ಬಿಸಿಕೊಂಡು ಬಂದು, ಅವನ ಜೊತೆ ಒಂದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಳು. ಗಂಟೆ ಬಡಿದಾಗ ಹರಿದಾಸ ಕಿವಿ ಮುಚ್ಚಿಕೊಳ್ಳುವುದು, ತರಗತಿಯ ಹೊರಗೆ ಹೋಗೆಂದರೆ ಗೋಡೆ ಹಿಡಿಯುವುದು, ಬೋರ್ಡಿನ ಮೇಲೆ ಬರೆದ ಅಂಕಿಗಳನ್ನು ಮಾತ್ರ ಆಸೆಯಿಂದ ನೋಡುವುದು, ಎಲ್ಲ ಬರೆದುಕೊಂಡಳು. ಮನೆಯವರು ಹೇಳಿದ್ದನ್ನು ಒಂದು ಕಡೆ, ತಾನು ಕಣ್ಣಾರೆ ಕಂಡದ್ದನ್ನು ಇನ್ನೊಂದು ಕಡೆ ಇಟ್ಟಳು. ಡಾಕ್ಟರ ಅಭಿಪ್ರಾಯಕ್ಕೆ ಅವರ ಹೆಸರು ಹಾಕಿದಳು. ಪ್ರತಿಯೊಂದು ಸಾಲನ್ನೂ ‘ಇದರಿಂದ ಟೀಚರು ನಾಳೆ ಬೆಳಿಗ್ಗೆ ಎಂತ ಮಾಡಬೇಕು’ ಎಂದು ಕೇಳಿದಳು. ಉತ್ತರವಿಲ್ಲದ ಸಾಲು ಹೊರಬಿತ್ತು. ಬಸಿರು, ಉಬ್ಬಸ, ಮನಸ್ತಾಪಗಳು ಆಸ್ಪತ್ರೆಯ ಕಪಾಟಿನಲ್ಲೇ ಉಳಿದವು. ಬರೆದದ್ದನ್ನು ಮುಕ್ತಾಳಿಗೆ ಓದಿ ಹೇಳಿದಳು.

“ಗಂಟೆಗೆ ಹೆದರ್ತಾನೆ ಎಂತ ಬರೆದಿದ್ದೀರಿ. ಹೆದರುವುದಲ್ಲ, ನೋವಾಗುವುದು” ಎಂದಳು ಮುಕ್ತಾ. ಕಾರ್ಮಿನ್ ತಿದ್ದಿದಳು.

ಹೊಸ ವರದಿ ಒಂದೂವರೆ ಪುಟ. ಮೇಲ್ಗಡೆ, ‘ಹೆಡ್‌ಮಾಸ್ತರರು ಮತ್ತು ತರಗತಿಯ ಟೀಚರು ಮಾತ್ರ ಓದಬೇಕು. ಗೋಡೆಗೆ ಹಾಕಬಾರದು’. ಕೆಳಗೆ ಹೀಗಿತ್ತು:

‘ಅಣ್ಣುವಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆದರೆ ದೂರದಿಂದ ಹೆಸರು ಕರೆದರೆ ತಿರುಗುವುದು ಕಡಿಮೆ; ಹತ್ತಿರ ಹೋಗಿ ಕರೆಯಿರಿ. ಮುಖ ನೋಡೆಂದು ಒತ್ತಾಯ ಬೇಡ. “ನಿನಗೆ ನೀರು ಬೇಕಾ” ಎಂದು ಕೇಳಿದರೆ ಅವನಿಗೆ ಬಾಯಾರಿಕೆ ಎಂದರ್ಥ. ನೀರು ಕೊಟ್ಟು “ನನಗೆ ನೀರು ಬೇಕು” ಎಂದು ಅವನ ಪರವಾಗಿ ನೀವೇ ಹೇಳಿ. ಕೇಳಿದ ಕೊನೆಯ ಶಬ್ದವನ್ನೇ ಹೇಳುತ್ತಾನೆ, ಅದನ್ನು ಉತ್ತರವೆಂದು ತಿಳಿಯಬೇಡಿ. ಎರಡು ವಸ್ತು ತೋರಿಸಿ ಆರಿಸಲು ಬಿಡಿ. ಗೋಡೆಯ ಪಕ್ಕದ ಒಂದೇ ಜಾಗ ದಿನವೂ ಕೊಡಿ. ಗಂಟೆ ಬಡಿಯುವ ಮೊದಲು ತಿಳಿಸಿ. ಆ ಶಬ್ದದಿಂದ ಕಿವಿಗೆ ನೋವಾಗುತ್ತದೆ. ಅಂಕಿಗಳೆಂದರೆ ಇಷ್ಟ, ಕಲಿಕೆಯನ್ನು ಅಲ್ಲಿಂದ ಶುರುಮಾಡಿ. ಮೂರು ತಿಂಗಳ ನಂತರ ನಾವು ಬಂದು ನೋಡುತ್ತೇವೆ.’

ಮೋಹನದಾಸರಾಯರು ಓದಿ, ಮಗುಚಿ ಹಿಂದೆ ಏನಾದರೂ ಉಂಟೇ ಎಂದು ನೋಡಿದರು.

“ಇದೆಂತ ಬಾಯಿ, ನೀರು, ಗೋಡೆ, ಗಂಟೆ… ಇದು ಯಾರಿಗೆ ಬೇಕಾದ್ರೂ ಅರ್ಥ ಆಗ್ತದೆ.”

“ಅರ್ಥ ಆಗ್ಲಿ ಎಂತಲೇ ಬರೆದದ್ದು.”

“ಹಾಗಾದ್ರೆ ಇದಕ್ಕೆ ಕನ್ನಡದಲ್ಲಿ ಎಂತ ಹೇಳುವುದು?”

“ಶಬ್ದ ಇಲ್ಲ, ಮಾಷ್ಟ್ರೇ. ನಾನು ಒಂದು ಮಾಡಿದ್ದೆ, ಎಂತ ಆಯ್ತು ಎಂತ ನೀವೇ ನೋಡಿದ್ರಿ. ಡಾಕ್ಟರು ಆಟಿಸಂ ಎಂತ ಹೇಳ್ತಾರೆ. ಹುಟ್ಟಿನಿಂದಲೇ ಮಾತು ಮತ್ತು ಜನರನ್ನು ತಿಳ್ಕೊಳ್ಳುವ ದಾರಿ ಇವನಿಗೆ ಬೇರೆ. ಕಲೀತಾನೆ, ನಿಧಾನಕ್ಕೆ. ಎಷ್ಟು ಎಂತ ಈಗ ಹೇಳ್ಲಿಕ್ಕೆ ಬರುವುದಿಲ್ಲ.”

ರಾಯರು ನಿಟ್ಟುಸಿರು ಬಿಟ್ಟು ಮಣೆ ಎತ್ತಿದರು. ಜೀವಮಾನದ ದರ್ಶನ ಕೈಗೆ ಬಂದು ಜಾರಿದ ದುಃಖ ಅವರ ಮುಖದಲ್ಲಿತ್ತು. ಸರಿಯಾಗಿ ಆ ಹೊತ್ತಿಗೆ ಅಂಚೆಯವನು ಇಲಾಖೆಯ ಕವರು ತಂದುಕೊಟ್ಟ. ರಾಯರು ಒಡೆದು ಓದಿದರು. ಮಣೆ ಮತ್ತೆ ನೆಲಕ್ಕೆ ಬಂತು.

“ಇನ್‌ಸ್ಪೆಕ್ಟರಿಗೆ ವರ್ಗ ಆಗಿದೆ” ಎಂದರು ಚಪ್ಪಲಿ ಬಿಚ್ಚುತ್ತ. “ಮಡಿಕೇರಿಗೆ.”

ಹರಿದಾಸ ಭೂಗೋಳವನ್ನು ಇನ್ನೊಮ್ಮೆ ತಿರುಗಿಸಿದ.

“ಎರಡರಲ್ಲಿ ಒಂದು ಆಗ್ಲೇಬೇಕಲ್ಲ, ಮಾಷ್ಟ್ರೇ!”

“ಆಗ್ಲೇಬೇಕು, ಹೌದು. ಆದರೆ ಆದದ್ದು ಯಾವುದು, ಬಾಯಿ?”

ವಾದ ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೆ ಕಾರ್ಮಿನ್ ಪೆನ್ನು ತೆಗೆದು ವರದಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದಳು: ‘ಇವನ ಹತ್ತಿರ ಯಾರೂ ಭವಿಷ್ಯ ಕೇಳಬಾರದು, ಸಿಬ್ಬಂದಿ ಸಹಿತ.’ ಸಂಜೆ ಅದರ ಪಕ್ಕದಲ್ಲಿ ಡಾಕ್ಟರ ಸಹಿ ಹಾಕಿಸಿಕೊಂಡಳು. ಇದು ಲಂಡನ್ನಿನ ಯಾವ ವರದಿಯಲ್ಲೂ ಇಲ್ಲವಲ್ಲ ಎಂದು ಡಾಕ್ಟರು ಕೇಳಿದಾಗ, ಶಾಲೆಗೆ ಬೇಕಾದದ್ದು ಇದೇ ಎಂದಳು. ಬರೆದದ್ದನ್ನು ಮೀರುವ ಜಾಯಮಾನ ರಾಯರದಲ್ಲ. ಮಣೆ ರಾಯರ ಮನೆಯ ಅಡುಗೆಕೋಣೆಗೆ ಹೋಯಿತು. ಹರಿದಾಸ ಒಂದನೆಯ ತರಗತಿಯ ಗೋಡೆಯ ಬದಿಗೆ ಬಂದ. ಸಾಲು ನಿಂತಿದ್ದ ಮಕ್ಕಳು ಬೇರೆ ದಾರಿ ಕಾಣದೆ ಓದಲು ತೊಡಗಿದರು.

ಹುಡುಗ ವರ್ಷದ ಕೊನೆಗೆ ನೂರರವರೆಗೆ ಬರೆಯುತ್ತಿದ್ದ. ನಾಲ್ಕನೆಯ ತರಗತಿಯ ಮೇಲೆ ಓದು ಸಾಗಲಿಲ್ಲ. ಆಮೇಲೆ ತಂದೆಯೊಂದಿಗೆ ದೇವಸ್ಥಾನಕ್ಕೆ ಹೋಗಿ ಕಲ್ಲಿನ ಮೇಲೆ ಗಂಧ ತೇಯಲು ಕೂತ. ಕೈ ಒಂದೇ ಲಯದಲ್ಲಿ ತಿರುಗುತ್ತಿತ್ತು, ಬೇಸರವೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಹರಿದಾಸ ಶಾಲೆಗೆ ಸೇರಿದ ಮರುವರ್ಷದ ಜೂನಿನಲ್ಲಿ ಮೋಹನದಾಸರಾಯರು ತಾವಾಗಿಯೇ ಆಸ್ಪತ್ರೆಗೆ ಬಂದರು. ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ಶಾಲೆಗೆ ಬರುವ ಒಬ್ಬ ಹುಡುಗನೂ ಅವನ ತಂದೆ ಹಸನಬ್ಬನೂ ಜೊತೆಗಿದ್ದರು.

“ಇವನೂ ಕರೆದ್ರೆ ತಿರುಗುವುದಿಲ್ಲ, ಬಾಯಿ. ನಾನು ಎಂತ ತಿಳ್ಕೊಳ್ಳಲೂ ಇಲ್ಲ, ಯಾರಿಗೆ ಎಂತ ಹೇಳಲೂ ಇಲ್ಲ. ಸೀದಾ ಇಲ್ಲಿಗೇ ಕರ್ಕೊಂಡು ಬಂದೆ.”

ಕಾರ್ಮಿನ್ ನಮೂನೆ ಬಿಡಿಸಿ ಹಸನಬ್ಬನನ್ನು ಒಂದೊಂದಾಗಿ ಕೇಳಿದಳು. ಹುಡುಗ ಬೆರಳು ತೋರಿಸಿ ದೋಣಿ, ಮೀನು ಎಂದು ಎಲ್ಲರನ್ನೂ ಕರೆದು ತೋರಿಸುವವನು. ಅಕ್ಕನ ಜೊತೆ ಅಂಗಡಿ ಆಟ ಆಡುವವನು. ಕಳೆದ ಮಳೆಗಾಲದವರೆಗೆ ಕರೆದರೆ ಓಡಿ ಬರುತ್ತಿದ್ದವನು. ಆಗ ಕಿವಿ ಸೋರಿತ್ತು. ಅವಳು ನಮೂನೆ ಮಡಚಿ ಅವರನ್ನು ಕಿವಿಯ ಡಾಕ್ಟರ ಹತ್ತಿರ ಕಳಿಸಿದಳು. ಎರಡೂ ಕಿವಿಯಲ್ಲಿ ಕೀವು ಇತ್ತು.

ರಾಯರ ಕೈಗೆ ಬಂದ ವರದಿ ಎರಡು ಸಾಲಿನದು. ‘ಕಿವಿಗೆ ಮದ್ದು ನಡೆಯುತ್ತಿದೆ. ಮುಂದಿನ ಬೆಂಚಿನಲ್ಲಿ ಕೂರಿಸಿ, ಮುಖಕ್ಕೆ ಮುಖ ಕೊಟ್ಟು ಮಾತಾಡಿ.’

“ಇಷ್ಟೇಯಾ?” ಎಂದರು ರಾಯರು.

“ಇಷ್ಟೇ.”

ಅವರು ಅದನ್ನು ಜೋಬಿನಲ್ಲಿಟ್ಟುಕೊಂಡು, ಹುಡುಗನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅವನ ಮುಖಕ್ಕೆ ಮುಖ ಕೊಟ್ಟು, ಇಡೀ ಆಸ್ಪತ್ರೆಗೆ ಕೇಳುವಂತೆ, “ಹೋಗುವಾ?” ಎಂದರು.